ತಂಗಿಗೆ 31ಕ್ಕೇ ಬಿಪಿ, ಮೂರು ಮಾತ್ರೆಗೂ ಬಗ್ಗುತ್ತಿಲ್ಲ. ಕಾರ್ಟಿಸಾಲ್ ನಾರ್ಮಲ್ ಬಂದಿದೆ, ಮತ್ಯಾಕೆ ರಾತ್ರಿ ಮಾತ್ರೆ ಟೆಸ್ಟ್?

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 31 ವರ್ಷ. ಹೋದ ದೀಪಾವಳಿ ಹೊತ್ತಿಗೆ ತಲೆನೋವು ಅಂತ ತೋರಿಸಿದಾಗ ಬಿಪಿ ಇರುವುದು ಗೊತ್ತಾಯಿತು. ನಮ್ಮ ಅಪ್ಪನಿಗೆ ಬಿಪಿ ಬಂದಿದ್ದೇ 58ಕ್ಕೆ. ಇವಳಿಗೆ ಇಷ್ಟು ಬೇಗ ಹೇಗೆ ಅಂತ ಎಲ್ಲರಿಗೂ ಆಶ್ಚರ್ಯ. ಮೊದಲು ಅಮ್ಲೋಡಿಪಿನ್ ಕೊಟ್ಟರು, ಆಮೇಲೆ ಟೆಲ್ಮಿಸಾರ್ಟಾನ್ ಸೇರಿಸಿದರು, ಈಗ ಕ್ಲೋರ್ತಾಲಿಡೋನ್ ಕೂಡ ಇದೆ. ಮೂರೂ ತಪ್ಪದೆ ತಗೋತಾಳೆ, ನಾನೇ ನೋಡಿದ್ದೇನೆ. ಆದರೂ ಮೊನ್ನೆ 164/106.

ಒಂದೂವರೆ ವರ್ಷದಲ್ಲಿ 11 ಕಿಲೋ ಜಾಸ್ತಿ ಆಗಿದ್ದಾಳೆ. ಅದೂ ಹೊಟ್ಟೆ ಮತ್ತು ಮುಖ ಮಾತ್ರ. ಕಾಲು ಮೊದಲಿಗಿಂತ ಸಣ್ಣಗಾಗಿವೆ. ಸಕ್ಕರೆ ಕೂಡ ಬಂದಿದೆ, ಬರಿಹೊಟ್ಟೆಯಲ್ಲಿ 168. ಪೊಟ್ಯಾಸಿಯಂ 3.1 ಅಂತ ರಿಪೋರ್ಟ್‌ನಲ್ಲಿ ಕೆಂಪಕ್ಷರದಲ್ಲಿ ಹಾಕಿದ್ದರು.

ಫಿಸಿಶಿಯನ್ ಬೆಳಗ್ಗೆ ಎಂಟಕ್ಕೆ ಕಾರ್ಟಿಸಾಲ್ ಮಾಡಿಸಿದರು. 17 ಬಂತು. ಪಕ್ಕದಲ್ಲಿ 5ರಿಂದ 25 ನಾರ್ಮಲ್ ಅಂತ ಇದೆ. ನಮಗೆ ಸಮಾಧಾನ ಆಯಿತು. ಅವರು ಮಾತ್ರ ಒಪ್ಪಲಿಲ್ಲ. ರಾತ್ರಿ ಒಂದು ಮಾತ್ರೆ ತಗೊಂಡು ಬೆಳಗ್ಗೆ ಮತ್ತೆ ಅದೇ ಕಾರ್ಟಿಸಾಲ್ ಮಾಡಿಸಿ ಅಂದರು. ನಾರ್ಮಲ್ ಬಂದಿದ್ದನ್ನೇ ಮತ್ತೆ ಯಾಕೆ ಮಾಡಿಸಬೇಕು? ಅಮ್ಮ ಸುಮ್ನೆ ದುಡ್ಡು ಕೀಳೋದಕ್ಕೆ ಅಂತಿದ್ದಾರೆ.

ಅಡಿಕೆತೋಟ (ತೀರ್ಥಹಳ್ಳಿ ಕಡೆ)

ತಮ್ಮಾ, ನನಗೂ ಇತ್ತು. 260 ಇದ್ದದ್ದು ಎಣ್ಣೆ, ತುಪ್ಪ ಬಿಟ್ಟು ಬೆಳಗ್ಗೆ ನಡೆದ ಮೇಲೆ 190ಕ್ಕೆ ಇಳಿಯಿತು. ತಂಗಿಗೆ 17 ಅಂದರೆ ಭಾರೀ ಕಡಿಮೆಯೇ ಆಯಿತಲ್ಲ, ಅದಕ್ಕೇ ಮತ್ತೆ ಕೇಳಿರಬೇಕು.

ಬೆಣ್ಣೆದೋಸೆ

ಅದು ಕೊಲೆಸ್ಟ್ರಾಲ್ ಮಾವಾ. ಇದು ಕಾರ್ಟಿಸಾಲ್.

ಅಡಿಕೆತೋಟ

ಓ, ಕನ್ನಡಕ ಹಾಕದೆ ಓದಿದೆ. ಬೇಜಾರು ಮಾಡ್ಕೋಬೇಡ.

ಸೂರ್ಯನಮಸ್ಕಾರ

ಕಾರ್ಟಿಸಾಲ್ ಅಂದರೆ ಟೆನ್ಶನ್ ಹಾರ್ಮೋನು. ಮನಸ್ಸಿಗೆ ಒತ್ತಡ ಬಿದ್ದರೆ ಏರುತ್ತದೆ. ಏರಿದರೆ ಬಿಪಿ, ಹೊಟ್ಟೆ, ಸಕ್ಕರೆ ಎಲ್ಲ ಬರುತ್ತವೆ. ಮುಖ ಊದುವುದಕ್ಕೆ ಕಾರ್ಟಿಸಾಲ್ ಫೇಸ್ ಅಂತಲೇ ಹೆಸರಿದೆ, ರೀಲ್ಸ್‌ನಲ್ಲಿ ಎಷ್ಟೊಂದು ಇವೆ. ತಂಗಿಗೆ ಕೆಲಸದ ಒತ್ತಡ ಇದೆಯಾ? ಪ್ರಾಣಾಯಾಮ, ಹತ್ತು ಗಂಟೆಗೆ ನಿದ್ದೆ, ಕಾಫಿ ಬಂದ್. ಮೂರು ತಿಂಗಳು ಮಾಡಿ ನೋಡಿ. ಮಾತ್ರೆ ಟೆಸ್ಟ್ ಎಲ್ಲ ಆಮೇಲೆ.

ಮೂರನೇ ಮಹಡಿ

ನಾನು ಹಾರ್ಮೋನು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನೋಡದೆ ರೋಗ ಹೇಳುವುದಿಲ್ಲ. ಆದರೆ ನಿಮ್ಮ ಫಿಸಿಶಿಯನ್ ಸರಿಯಾದ ದಾರಿಯಲ್ಲೇ ಇದ್ದಾರೆ. ಅವರು ಹುಡುಕುತ್ತಿರುವುದು ಕುಶಿಂಗ್ ಸಿಂಡ್ರೋಮ್, ಅಂದರೆ ಮೈಯಲ್ಲಿ ಕಾರ್ಟಿಸಾಲ್ ಅತಿಯಾಗುವ ರೋಗ. ದಯವಿಟ್ಟು ಮೂರು ತಿಂಗಳು ಕಾಯಬೇಡಿ.

ಬೆಳಗ್ಗೆಯ 17 ಯಾಕೆ ಏನನ್ನೂ ಹೇಳುವುದಿಲ್ಲ ಅಂತ ಮೊದಲು ನೋಡೋಣ. ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಜಾವ ಏರುತ್ತದೆ, ಏಳೆಂಟು ಗಂಟೆ ಹೊತ್ತಿಗೆ ತುದಿ ಮುಟ್ಟುತ್ತದೆ, ನಡುರಾತ್ರಿ ಹೊತ್ತಿಗೆ ತಳ ಸೇರುತ್ತದೆ. ಆರೋಗ್ಯವಂತರಿಗೂ ಬೆಳಗ್ಗೆ 17 ಇರಬಹುದು, ರೋಗ ಇರುವವರಿಗೂ 17 ಇರಬಹುದು. ವ್ಯತ್ಯಾಸ ಇರುವುದು ರಾತ್ರಿಯಲ್ಲಿ. ಆರೋಗ್ಯವಂತರ ಗ್ರಂಥಿ ರಾತ್ರಿ ಬಾಗಿಲು ಹಾಕುತ್ತದೆ. ಈ ರೋಗದಲ್ಲಿ ಬಾಗಿಲು ಹಾಕುವುದೇ ಇಲ್ಲ.

ರಾತ್ರಿ ಮಾತ್ರೆ ಕೇಳುವ ಪ್ರಶ್ನೆಯೂ ಅದೇ: "ಸಾಕು ನಿಲ್ಲಿಸು ಅಂದರೆ ನಿಲ್ಲಿಸ್ತೀಯಾ?" ಡೆಕ್ಸಾಮೆಥಾಸೋನ್ ಅಂತ ಅದರ ಹೆಸರು, ಅದೂ ಒಂದು ಸ್ಟಿರಾಯ್ಡ್. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಕಂಡು, ರಕ್ತದಲ್ಲಿ ಬೇಕಾದಷ್ಟು ಕಾರ್ಟಿಸಾಲ್ ಇದೆ ಅಂದುಕೊಳ್ಳುತ್ತದೆ. ಮೂತ್ರಪಿಂಡದ ಮೇಲೆ ಕೂತು ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿಗೆ ಹೋಗುವ ಆರ್ಡರನ್ನು ನಿಲ್ಲಿಸುತ್ತದೆ. ಆ ಆರ್ಡರಿಗೇ ಎಸಿಟಿಎಚ್ ಅನ್ನುವುದು. ಎಲ್ಲ ಸರಿ ಇದ್ದರೆ ಬೆಳಗ್ಗೆ ಕಾರ್ಟಿಸಾಲ್ 1.8ಕ್ಕಿಂತ ಕೆಳಗೆ ಬಿದ್ದಿರುತ್ತದೆ. ಮಾತು ಕೇಳದ ಗ್ರಂಥಿಯಾದರೆ ಬೀಳುವುದಿಲ್ಲ. ಹಾಗಾಗಿ ಈ ಸಲದ ರಿಪೋರ್ಟ್‌ನಲ್ಲಿ ಪಕ್ಕದ 5ರಿಂದ 25 ಅನ್ನುವ ಸಾಲನ್ನು ನೋಡಲೇಬೇಡಿ. ಮಾತ್ರೆ ಟೆಸ್ಟಿಗೆ ಆ ಗಡಿ ಅಲ್ಲ. 7 ಬಂದರೆ ಕಂಪ್ಯೂಟರ್ ನಾರ್ಮಲ್ ಅಂತ ಬರೆಯುತ್ತದೆ, ನಮ್ಮ ಪಾಲಿಗೆ ಅದು ಜಾಸ್ತಿ.

ಇನ್ನು ಒಂದೆರಡು ವಿಷಯ ನೀವೇ ಮನೆಯಲ್ಲಿ ನೋಡಿ ಹೇಳಿ. ತಂಗಿ ಕುಕ್ಕರಗಾಲಲ್ಲಿ ಕೂತು ಕೈ ಊರದೆ ಏಳುತ್ತಾರಾ? ಪೆಟ್ಟು ಬಿದ್ದ ನೆನಪೇ ಇಲ್ಲದ ಕಡೆ ಮೈ ನೀಲಿಗಟ್ಟುತ್ತದಾ? ಹೊಟ್ಟೆಯ ಮೇಲೆ ಗೆರೆಗಳಿದ್ದರೆ ಬಣ್ಣ ಯಾವುದು, ಅಗಲ ಎಷ್ಟು? ಜೊತೆಗೆ ಎರಡು ವರ್ಷದ ಹಿಂದಿನ ಫೋಟೋ ಒಂದನ್ನು ಡಾಕ್ಟರ ಹತ್ತಿರ ಒಯ್ಯಿರಿ.

ಇನ್ನೊಂದು ಮುಖ್ಯ ಪ್ರಶ್ನೆ. ಸ್ಟಿರಾಯ್ಡ್ ಯಾವ ರೂಪದಲ್ಲಾದರೂ ಒಳಗೆ ಹೋಗಿದೆಯಾ? ಮಾತ್ರೆ, ಇನ್ಹೇಲರ್, ಮಂಡಿಗೆ ಚುಚ್ಚಿದ ಇಂಜೆಕ್ಷನ್, ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮ್, ನೋವಿಗೆ ಅಂತ ಯಾರೋ ಕೊಟ್ಟ ಪುಡಿ?

ಗದಗಿನ ಗಂಗಕ್ಕ

ಡಾಕ್ಟರು ಕೇಳಿದ ಕೊನೇ ಪ್ರಶ್ನೆಗೆ ನಾನೇ ಉದಾಹರಣೆ ನೋಡ್ರಿ. ಮಂಡಿನೋವಿಗೆ ಮೆಡಿಕಲ್ ಅಂಗಡಿಯವ ಸಣ್ಣ ಮಾತ್ರೆ ಕೊಡುತ್ತಿದ್ದ. ದಿನಕ್ಕೆ ಎರಡು. ನೋವು ಹಾರಿಹೋಗುತ್ತಿತ್ತು, ಹಸಿವೂ ಚೆನ್ನಾಗಿ ಆಗುತ್ತಿತ್ತು. ಎರಡು ವರ್ಷ ನುಂಗಿದೆ. ಮುಖ ರೊಟ್ಟಿ ಹಂಗ ಉಬ್ಬಿತು. ಕುತ್ತಿಗೆ ಹಿಂದೆ ಗುಬ್ಬು ಬಂತು. ಬಿಪಿ ಬಂತು. ಊರಿನವರೆಲ್ಲ ಗಂಗಕ್ಕ ಚಲೋ ಮೈ ತುಂಬ್ಕೊಂಡಾಳ ಅಂದರು.

ಮಗ ಯಾರನ್ನೋ ಕೇಳಿ, ಅದು ಸ್ಟಿರಾಯ್ಡ್ ಮಾತ್ರೆ ಅಂತ ತಿಳಿದು, ಒಂದೇ ದಿನಕ್ಕೆ ಬಿಡಿಸಿಬಿಟ್ಟ. ನಾಲ್ಕನೇ ದಿನ ವಾಂತಿ, ಕಣ್ಣು ಕತ್ತಲೆ, ಅಂಗಳದಲ್ಲೇ ಬಿದ್ದೆ. ಆಸ್ಪತ್ರೆಯಲ್ಲಿ ಬಿಪಿ ಮೇಲಿನದು 80. ಬಿಪಿ ಜಾಸ್ತಿ ಅಂತ ಮಾತ್ರೆ ನುಂಗುತ್ತಿದ್ದವಳಿಗೆ ಬಿಪಿ ಏರಿಸಲು ಸಲೈನ್ ಹಾಕಿದರು. ನನ್ನ ಕಾರ್ಟಿಸಾಲ್ ಎಷ್ಟಿತ್ತು ಗೊತ್ತಾ? 0.9. ಜಾಸ್ತಿ ಅಲ್ಲ, ಇಲ್ಲವೇ ಇಲ್ಲ ಅನ್ನುವಷ್ಟು. ತಂಗಿಗೆ ಅಂಥದ್ದೇನಾದರೂ ನಡೀತಿದ್ದರೆ ದಯಮಾಡಿ ತಟ್ಟನೆ ಬಿಡಿಸಬೇಡ ತಮ್ಮಾ.

ಮೂರನೇ ಮಹಡಿ

ಗಂಗಕ್ಕ ಹೇಳಿದ್ದು ನಮ್ಮ ಓಪಿಡಿಯಲ್ಲಿ ದಿನಾ ಕಾಣುವ ಕಥೆ. ದುಂಡು ಮುಖದವರು ಬಂದರೆ ನಾವು ಮೊದಲು ಹುಡುಕುವುದು ಕಾರ್ಟಿಸಾಲ್ ಏರಿಸುವ ಗಡ್ಡೆಯನ್ನಲ್ಲ, ಅವರ ಮಾತ್ರೆ ಚೀಲವನ್ನು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ಮಾಡುವುದನ್ನೇ ಬಿಡುತ್ತದೆ. ಮೈಯೆಲ್ಲ ಜಾಸ್ತಿ ಕಾರ್ಟಿಸಾಲ್‌ನ ಲಕ್ಷಣ, ರಿಪೋರ್ಟ್‌ನಲ್ಲಿ ಮಾತ್ರ ಸೊನ್ನೆ ಹತ್ತಿರ. ಅಂಗಡಿಯ ಮಾತ್ರೆಯನ್ನು ಈ ಟೆಸ್ಟ್ ಕಾರ್ಟಿಸಾಲ್ ಅಂತ ಗುರುತಿಸದೆ ಇದ್ದರೆ ಹೀಗೇ ಕಾಣುತ್ತದೆ.

ಸೂರ್ಯನಮಸ್ಕಾರ ಅವರೇ, ಒತ್ತಡಕ್ಕೆ ಕಾರ್ಟಿಸಾಲ್ ಏರುತ್ತದೆ ಅನ್ನುವುದು ಸುಳ್ಳಲ್ಲ. ಖಿನ್ನತೆ ಗಟ್ಟಿಯಾಗಿದ್ದರೆ, ಕುಡಿತ ಜೋರಾಗಿದ್ದರೆ, ಸಕ್ಕರೆ ಕೈ ಮೀರಿದ್ದರೆ ಈ ಟೆಸ್ಟುಗಳು ಸ್ವಲ್ಪ ಜಾಸ್ತಿ ತೋರಿಸಿ ನಮ್ಮನ್ನೇ ಸುತ್ತಾಡಿಸುತ್ತವೆ. ಆದರೆ ಆಫೀಸಿನ ಒತ್ತಡಕ್ಕೆ ಚರ್ಮ ಕಾಗದದಂತೆ ತೆಳ್ಳಗಾಗುವುದಿಲ್ಲ, ತೊಡೆ ಕರಗುವುದಿಲ್ಲ. ರೀಲ್ಸ್‌ನಲ್ಲಿ ಕಾಣುವ ಊದಿದ ಮುಖಗಳಲ್ಲಿ ಹೆಚ್ಚಿನವು ಮಾಮೂಲಿ ಮುಖಗಳೇ.

ಸೂರ್ಯನಮಸ್ಕಾರ

ಸರಿ, ಗಡ್ಡೆ ಅಂತ ಗೊತ್ತಾದವರಿಗೆ ಬೇರೆ ಮಾತು. ಆದರೂ ಪ್ರಾಣಾಯಾಮದಿಂದ ನಷ್ಟ ಏನೂ ಇಲ್ಲವಲ್ಲ.

ಮೂರನೇ ಮಹಡಿ

ಪ್ರಾಣಾಯಾಮದಿಂದ ನಷ್ಟ ಇಲ್ಲ. ಟೆಸ್ಟನ್ನು ಮುಂದಕ್ಕೆ ಹಾಕುವುದರಿಂದ ಇದೆ.

ಬೆಣ್ಣೆದೋಸೆ

ನೀವು ಕೇಳಿದ್ದನ್ನು ಅಮ್ಮನ ಕೈಲಿ ನೋಡಿಸಿದೆ. ಕುಕ್ಕರಗಾಲಿಂದ ಏಳಲು ಗೋಡೆ ಹಿಡೀತಾಳೆ. ಬಟ್ಟೆ ಒಣಹಾಕಲು ಕೈ ಎತ್ತಿದರೆ ಸೋಲುತ್ತದಂತೆ. ಬಳೆ ತಾಗಿದ ಕಡೆಯೆಲ್ಲ ನೀಲಿ ಕಲೆ, ನಾವು ರಕ್ತ ಕಡಿಮೆ ಅಂದುಕೊಂಡಿದ್ದೆವು. ಹೊಟ್ಟೆಯ ಎರಡೂ ಪಕ್ಕ ನೇರಳೆಹಣ್ಣಿನ ಬಣ್ಣದ ಗೆರೆಗಳಿವೆ, ಅಮ್ಮನ ಕಿರುಬೆರಳಿನಷ್ಟು ಅಗಲ. ಅವಳು ಯಾರಿಗೂ ತೋರಿಸಿರಲಿಲ್ಲ. ಸ್ಟಿರಾಯ್ಡ್ ಏನೂ ತಗೊಂಡಿಲ್ಲ, ಕ್ರೀಮೂ ಇಲ್ಲ.

ಮೂರನೇ ಮಹಡಿ

ಹಾಗಾದರೆ ಈ ವಾರವೇ ಟೆಸ್ಟ್ ಮಾಡಿಸಿ. ದಪ್ಪ ಆದವರಿಗೆ, ಬಸುರಿಯರಿಗೆ ಕೂಡ ಗೆರೆ ಬರುತ್ತವೆ. ಅವು ತೆಳು, ಹೆಚ್ಚಾಗಿ ಮಾಸಲು ಬಿಳಿ ಅಥವಾ ನಸುಗೆಂಪು. ಒಂದು ಸೆಂಟಿಮೀಟರಿಗಿಂತ ಅಗಲ, ನೇರಳೆ ಬಣ್ಣ, ಜೊತೆಗೆ ತೊಡೆ-ತೋಳಿನ ನಿತ್ರಾಣ, ಸುಮ್ಮಸುಮ್ಮನೆ ನೀಲಿಗಟ್ಟುವುದು. ಇವು ಒಟ್ಟಿಗೆ ಇದ್ದರೆ ಅನುಮಾನಕ್ಕೆ ಬಲ ಜಾಸ್ತಿ. ದಪ್ಪ ಹೊಟ್ಟೆ, ಕುತ್ತಿಗೆ ಹಿಂದಿನ ಗುಬ್ಬು ಇವನ್ನೇ ನಂಬಿ ಕೂತರೆ ಅರ್ಧ ಊರಿಗೆ ಈ ರೋಗ ಇದೆ ಅನ್ನಬೇಕಾಗುತ್ತದೆ.

ಪೊಟ್ಯಾಸಿಯಂ 3.1 ಒಂದನ್ನೇ ನಂಬಬೇಡಿ. ಕ್ಲೋರ್ತಾಲಿಡೋನ್ ಕೂಡ ಅದನ್ನು ಇಳಿಸುತ್ತದೆ. ಅಲ್ಡೋಸ್ಟೆರಾನ್ ಅನ್ನುವ ಉಪ್ಪಿನ ಹಾರ್ಮೋನು ಜಾಸ್ತಿಯಾದರೂ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ, ಅದು ಇದಕ್ಕಿಂತ ಎಷ್ಟೋ ಪಾಲು ಮಾಮೂಲು. ಆದರೆ ಅದು ನೇರಳೆ ಗೆರೆ ತರುವುದಿಲ್ಲ.

ಟೆಸ್ಟ್‌ಟ್ಯೂಬ್ (ಮೈಸೂರು)

ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಈ ಟೆಸ್ಟ್ ಕೆಡುವುದು ಹೆಚ್ಚಾಗಿ ಮೆಷಿನ್‌ನಲ್ಲಿ ಅಲ್ಲ, ಮನೆಯಲ್ಲಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅರ್ಧ ಮಿಲಿಗ್ರಾಂ ಮಾತ್ರೆ. ಬೇಕಿರುವುದು ಒಂದು ಮಿಲಿಗ್ರಾಂ, ಅಂದರೆ ಎರಡು ಮಾತ್ರೆ. ಚೀಟಿಯಲ್ಲಿ 1 ಅಂತ ನೋಡಿ ಒಂದೇ ಮಾತ್ರೆ ನುಂಗಿ ಬಂದವರನ್ನು ಕಂಡಿದ್ದೇನೆ. ರಾತ್ರಿ ಹನ್ನೊಂದರಿಂದ ಹನ್ನೆರಡರ ಒಳಗೆ ನುಂಗಬೇಕು. ಒಂಬತ್ತಕ್ಕೆ ಊಟ ಮಾಡಿ ಮಾತ್ರೆ ನುಂಗಿ ಮಲಗಿದರೆ ಆಗಲ್ಲ, ಅಲಾರಂ ಇಡಿ. ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ರಕ್ತ ಕೊಡಬೇಕು. ಕ್ಯೂ ಜಾಸ್ತಿ ಇತ್ತು ಅಂತ ಹನ್ನೊಂದಕ್ಕೆ ಕೊಟ್ಟರೆ ಆ ಅಂಕಿಯನ್ನು ಓದುವುದು ಕಷ್ಟ. ರಾತ್ರಿ ವಾಂತಿಯಾದರೆ ಅವತ್ತು ಬರಲೇಬೇಡಿ. ಕೌಂಟರಿನಲ್ಲಿ "ಮಾತ್ರೆ ತಗೊಂಡಿದ್ದೇನೆ, ಇಷ್ಟು ಗಂಟೆಗೆ" ಅಂತ ಬಾಯಿಬಿಟ್ಟು ಹೇಳಿ ಬರೆಸಿ.

ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್, ಟಿಬಿಗೆ ರಿಫಾಂಪಿಸಿನ್ ತಗೋತಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಅವು ಡೆಕ್ಸಾವನ್ನು ಬೇಗ ಕರಗಿಸಿಬಿಡುತ್ತವೆ. ಮಾತ್ರೆ ಕೆಲಸ ಮಾಡುವ ಮೊದಲೇ ಖಾಲಿ.

ಪೀಣ್ಯ ಸೆಕೆಂಡ್ ಶಿಫ್ಟ್

ಸರ್, ನನಗೆ 45. ಹೊಟ್ಟೆ ಇದೆ, ಬಿಪಿಗೆ ಒಂದು ಮಾತ್ರೆ, 130 ಆಸುಪಾಸಿನಲ್ಲಿದೆ. ಫುಲ್ ಬಾಡಿ ಪ್ಯಾಕೇಜ್‌ನಲ್ಲಿ ಕಾರ್ಟಿಸಾಲ್ ಸೇರಿಸಿದರೆ ಇನ್ನಷ್ಟು ದುಡ್ಡು ಆಗುತ್ತದೆ ಅಂತಿದ್ದಾರೆ. ಮಾಡಿಸಲಾ?

ಮೂರನೇ ಮಹಡಿ

ಬೇಡ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮಂದಿಗೆ ಹೊಸದಾಗಿ ಬರುವ ರೋಗ ಇದು. ಹೊಟ್ಟೆ ಇರುವ, ಬಿಪಿ ಇರುವ ಎಲ್ಲರಿಗೂ ಟೆಸ್ಟ್ ಮಾಡಿದರೆ ನಿಜವಾದ ರೋಗಿಗಳಿಗಿಂತ ಸುಳ್ಳು ಗಾಬರಿಯವರೇ ಜಾಸ್ತಿ ಸಿಗುತ್ತಾರೆ. 1.8 ಅನ್ನುವ ಗಡಿಯನ್ನು ಅಷ್ಟು ಕೆಳಗೆ ಇಟ್ಟಿರುವುದು ಯಾರನ್ನೂ ಬಿಡಬಾರದು ಅಂತ. ಅದರ ಬೆಲೆ ಅಂದರೆ ರೋಗವಿಲ್ಲದ ಕೆಲವರೂ ಆ ಗಡಿ ದಾಟುತ್ತಾರೆ. ಹಾಗಾಗಿ ಚಿಕ್ಕ ವಯಸ್ಸಿಗೆ ಬಿಪಿ ಬಂದವರು, ಮೂರು ಮಾತ್ರೆಗೂ ಬಗ್ಗದವರು, ಮೈಮೇಲೆ ಆ ಗುರುತುಗಳಿರುವವರು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಅಡ್ರಿನಲ್ ಗಂಟು ಕಂಡವರು, ಇಂಥವರಿಗೆ ಮಾತ್ರ. ಪ್ಯಾಕೇಜಿನವರು ಮಾಡುವುದು ಹೇಗೂ ಬೆಳಗಿನ ಬರೀ ಕಾರ್ಟಿಸಾಲ್. ಅದರಿಂದ ಪ್ರಯೋಜನವಿಲ್ಲ ಅಂತ ಮೇಲೆಯೇ ಮಾತಾಡಿದೆವಲ್ಲ.

ಕಡಲಾಚೆಯ ಸಿಸ್ಟರ್ (ಇಂಗ್ಲೆಂಡ್)

ನಾನಿರುವ ಕಡೆ ಜೊಲ್ಲಿನ ಟೆಸ್ಟ್ ಕೂಡ ಮಾಡುತ್ತಾರೆ. ರಾತ್ರಿ ಹನ್ನೊಂದರ ನಂತರ, ಮಲಗುವ ಮುಂಚೆ ಹತ್ತಿಯ ಸುರುಳಿಯನ್ನು ಬಾಯಲ್ಲಿ ಒಂದೆರಡು ನಿಮಿಷ ಆಡಿಸಿ ಡಬ್ಬಿಗೆ ಹಾಕುವುದು, ಎರಡು ರಾತ್ರಿ. ರಾತ್ರಿ ಬಾಗಿಲು ಹಾಕಿದೆಯಾ ಅಂತ ನೇರವಾಗಿ ನೋಡುವ ಟೆಸ್ಟ್ ಇದು. ಪೀಣ್ಯದವರ ಥರ ಪಾಳಿ ಬದಲಾಗುವವರಿಗೆ ಮಾತ್ರ ಇದು ಸರಿಹೋಗುವುದಿಲ್ಲ, ಅವರ ದೇಹಕ್ಕೆ ರಾತ್ರಿ ಯಾವುದು ಅಂತಲೇ ಗೊಂದಲ. ನನಗೂ ಅಷ್ಟೇ, ನೈಟ್ ಡ್ಯೂಟಿ! ಹಲ್ಲುಜ್ಜಿ ವಸಡಲ್ಲಿ ರಕ್ತ ಬಂದಿದ್ದರೆ ಅಂಕಿ ಸುಳ್ಳಾಗುತ್ತದೆ. ತಂಬಾಕು ಜಗಿದಿದ್ದರೂ ಕೆಡುತ್ತದೆ.

ಬೆಣ್ಣೆದೋಸೆ

ಮಾತ್ರೆ ಟೆಸ್ಟ್ ಆಯಿತು. ಎರಡು ಮಾತ್ರೆ, ಸರಿಯಾಗಿ 11.10ಕ್ಕೆ. ರಕ್ತ ಕೊಟ್ಟಿದ್ದು 8.20ಕ್ಕೆ. ಬಂದಿದ್ದು 9.4. ಹಾಗಾದರೆ ಖಚಿತ ಆಯಿತಾ?

ಟೆಸ್ಟ್‌ಟ್ಯೂಬ್

1.8 ಎಲ್ಲಿ, 9.4 ಎಲ್ಲಿ. ಖಚಿತವೇ.

ಮೂರನೇ ಮಹಡಿ

ಒಂದು ನಿಮಿಷ. ತಂಗಿಗೆ ಮುಟ್ಟು ಸರಿಯಾಗಿ ಆಗುತ್ತಿದೆಯಾ? ಅದಕ್ಕೆ ಏನಾದರೂ ಮಾತ್ರೆ ಕೊಟ್ಟಿದ್ದಾರಾ?

ಬೆಣ್ಣೆದೋಸೆ

ಈಗಷ್ಟೇ ಅವಳನ್ನು ಕೇಳಿದೆ. ಮುಟ್ಟು ಏರುಪೇರಾಗಿದೆ, ಬೇರೊಬ್ಬರು ಡಾಕ್ಟರು ಪಿಸಿಓಡಿ ಅಂದರಂತೆ. ನಾಲ್ಕು ತಿಂಗಳಿಂದ 21 ಮಾತ್ರೆಯ ಪಟ್ಟಿ ತಗೋತಿದ್ದಾಳೆ. ನೀವು ಸ್ಟಿರಾಯ್ಡ್ ಅಂತ ಕೇಳಿದಿರಿ, ಇದು ಸ್ಟಿರಾಯ್ಡ್ ಅಲ್ಲ ಅಂದುಕೊಂಡು ಅವಳೂ ಹೇಳಲಿಲ್ಲ. ನನ್ನ ಹತ್ತಿರ ಹೇಳಲು ನಾಚಿಕೆ ಬೇರೆ.

ಮೂರನೇ ಮಹಡಿ

ತಪ್ಪು ನನ್ನದು, ಬಿಡಿಸಿ ಕೇಳಬೇಕಿತ್ತು. ಆ ಪಟ್ಟಿ ಅಂದರೆ ಗರ್ಭನಿರೋಧಕ ಮಾತ್ರೆ, ಅದರಲ್ಲಿ ಈಸ್ಟ್ರೋಜನ್ ಇರುತ್ತದೆ. ಕಾರ್ಟಿಸಾಲನ್ನು ರಕ್ತದಲ್ಲಿ ಹೊತ್ತು ತಿರುಗುವ ಒಂದು ಪ್ರೋಟೀನ್ ಇದೆ. ಈಸ್ಟ್ರೋಜನ್ ಅದನ್ನು ಹೆಚ್ಚಿಸುತ್ತದೆ. ಲ್ಯಾಬ್ ಅಳೆಯುವುದು ಗಾಡಿಯ ಮೇಲಿರುವ ಕಾರ್ಟಿಸಾಲನ್ನೂ ಸೇರಿಸಿ. ಗಾಡಿಗಳು ಜಾಸ್ತಿಯಾದರೆ ಅಂಕಿಯೂ ಜಾಸ್ತಿ. ಕೆಲಸ ಮಾಡುವ ಬಿಡಿ ಕಾರ್ಟಿಸಾಲ್ ಏರಿರಲೇಬೇಕು ಅಂತಿಲ್ಲ. ಹಾಗಾಗಿ 9.4ನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನನ್ನ ಅನುಮಾನ ಕಡಿಮೆಯಾಗಿಲ್ಲ, ಆ ಗೆರೆಗಳನ್ನು ಮರೆಯಲಾಗದು. ಆದರೆ ಈ ಅಂಕಿಯ ಮೇಲೆ ನಿಂತು ಸ್ಕ್ಯಾನಿಗೆ ಹೋಗಬಾರದು.

ಪಟ್ಟಿ ನಿಲ್ಲಿಸಿ ಆರು ವಾರ ಕಾದು ಮತ್ತೆ ಇದೇ ಟೆಸ್ಟ್ ಮಾಡಬಹುದು. ಕಾಯುವುದು ಬೇಡವೆಂದರೆ ಬಿಡಿ ಕಾರ್ಟಿಸಾಲನ್ನೇ ಅಳೆಯುವ ಟೆಸ್ಟ್ ಬೇಕು, ಜೊಲ್ಲಿನದ್ದು ಅಥವಾ 24 ಗಂಟೆಯ ಮೂತ್ರದ್ದು. ಇನ್ನೊಂದು ಮಾತು, ಬಿಪಿ 160 ಇರುವವರಿಗೆ ಆ ಪಟ್ಟಿ ಹೊಂದುವುದಿಲ್ಲ. ಅದೇ ಬಿಪಿ ಏರಿಸಬಲ್ಲದು. ನಿಮ್ಮ ಡಾಕ್ಟರಿಗೆ ಇವತ್ತೇ ತಿಳಿಸಿ.

ಟೆಸ್ಟ್‌ಟ್ಯೂಬ್

ಒಪ್ಪಿದೆ ಸರ್, ಅವಸರ ಪಟ್ಟೆ. ನಾವು ಫಾರಂನಲ್ಲಿ ಸ್ಟಿರಾಯ್ಡ್ ಅಂತ ಒಂದೇ ಕಾಲಂ ಇಟ್ಟಿದ್ದೇವೆ, ಇದನ್ನೂ ಸೇರಿಸಬೇಕು.

ಬೆಣ್ಣೆದೋಸೆ

ಡಾಕ್ಟರು ಪಟ್ಟಿ ನಿಲ್ಲಿಸಿದರು. ಜೊಲ್ಲಿನ ಟೆಸ್ಟ್ ನಮ್ಮ ಹತ್ತಿರದ ಲ್ಯಾಬಿನಲ್ಲಿ ಇಲ್ಲ. ಮೂತ್ರ ಎರಡು ಸಲ ಮಾಡಿಸಿ ಅಂದಿದ್ದಾರೆ. ಐದು ಲೀಟರಿನ ಕ್ಯಾನ್ ಕೊಟ್ಟಿದ್ದಾರೆ, ಫ್ರಿಜ್‌ನಲ್ಲಿ ಇಡಬೇಕಂತೆ. ಅಮ್ಮ ಫ್ರಿಜ್ ಮುಟ್ಟಲು ಬಿಡ್ತಿಲ್ಲ.

ಟೆಸ್ಟ್‌ಟ್ಯೂಬ್

ಥರ್ಮಾಕೋಲ್ ಡಬ್ಬಿಗೆ ಐಸ್ ಹಾಕಿ ಬಚ್ಚಲಲ್ಲೇ ಇಡಿ, ಅಮ್ಮನ ಫ್ರಿಜ್ ಉಳಿಯುತ್ತದೆ. ಬೆಳಗ್ಗೆ ಎದ್ದ ತಕ್ಷಣದ ಮೂತ್ರವನ್ನು ಚೆಲ್ಲಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಸಲದ್ದೂ ಕ್ಯಾನಿಗೆ. ಮರುದಿನ ಅದೇ ಗಂಟೆಗೆ ಎದ್ದು ಮಾಡಿದ್ದನ್ನೂ ಸೇರಿಸಿ ಮುಚ್ಚಿ. ಜನ ತಪ್ಪುವುದು ಎರಡು ಕಡೆ. ಮೊದಲನೆಯದನ್ನೂ ಕ್ಯಾನಿಗೆ ಹಾಕುತ್ತಾರೆ, ಇಲ್ಲವೇ ಆಫೀಸಲ್ಲಿ ಹೋದದ್ದನ್ನು ಮರೆತು ಮನೆಯದ್ದು ಮಾತ್ರ ತರುತ್ತಾರೆ. ಒಂದು ತಪ್ಪಿಸಿದರೂ ಅಂಕಿ ಕಡಿಮೆ ಬಂದು ರೋಗ ಇಲ್ಲ ಅನಿಸುತ್ತದೆ. ಭಾನುವಾರ ಮಾಡಿ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು, ಕೊಡ ಖಾಲಿ ಮಾಡಬೇಡಿ. ಅದರ ಜೊತೆ ಮೂತ್ರದ ಕ್ರಿಯಾಟಿನಿನ್ ಕೂಡ ಕೇಳಿ, ಪೂರ್ತಿ ಸಂಗ್ರಹ ಆಗಿದೆಯಾ ಅಂತ ಅದು ಹೇಳುತ್ತದೆ.

ಅಡಿಕೆತೋಟ

ಈ ಸಲ ಕನ್ನಡಕ ಹಾಕಿಯೇ ಓದುತ್ತಿದ್ದೇನೆ. ಡಾಕ್ಟ್ರೇ, ಕಾರ್ಟಿಸಾಲ್ ಜಾಸ್ತಿಯಾದರೆ ಬಿಪಿ ಯಾಕೆ ಏರಬೇಕು? ನನಗೂ ಎರಡು ತಿಂಗಳಿಂದ ಬಿಪಿ ಏರಿದೆ, ಕಾಲು ಊದುತ್ತದೆ. ಕೆಮ್ಮಿಗೆ ಜ್ಯೇಷ್ಠಮಧು ಕಷಾಯ ಬಿಟ್ಟರೆ ಬೇರೇನೂ ತಗೊಳ್ಳೋನಲ್ಲ ನಾನು. ದಿನಾ ಮೂರು ಲೋಟ.

ಮೂರನೇ ಮಹಡಿ

ಮಾವಾ, ನೀವು ಗೊತ್ತಿಲ್ಲದೆ ನಿಮ್ಮ ಪ್ರಶ್ನೆಗೆ ಉತ್ತರವನ್ನೂ ಬರೆದಿದ್ದೀರಿ.

ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡು ಅಂತ ಹೇಳುವ ಒಂದು ಬೀಗ ಇದೆ. ಅದರ ಕೀಲಿ ಅಲ್ಡೋಸ್ಟೆರಾನ್. ಆದರೆ ಕಾರ್ಟಿಸಾಲ್ ಕೂಡ ಅದೇ ಬೀಗಕ್ಕೆ ಸರಿಯಾಗಿ ಕೂರುತ್ತದೆ, ಮತ್ತು ರಕ್ತದಲ್ಲಿ ಅದು ಅಲ್ಡೋಸ್ಟೆರಾನ್‌ಗಿಂತ ನೂರಾರು ಪಟ್ಟು ಜಾಸ್ತಿ ಇರುತ್ತದೆ. ಹಾಗಾದರೆ ನಮಗೆಲ್ಲ ಬಿಪಿ ಬರಬೇಕಿತ್ತಲ್ಲ? ಬರದಿರುವುದು ಬೀಗದ ಪಕ್ಕ ಒಂದು ಕಿಣ್ವ ಕಾವಲು ಕೂತಿರುವುದರಿಂದ. ಅದು ಬಂದ ಕಾರ್ಟಿಸಾಲನ್ನು ಬೀಗಕ್ಕೆ ಕೂರದ ಕಾರ್ಟಿಸೋನ್ ಆಗಿ ಬದಲಿಸುತ್ತಲೇ ಇರುತ್ತದೆ. ಕಾರ್ಟಿಸಾಲ್ ಪ್ರವಾಹದಂತೆ ಬಂದರೆ ಕಾವಲುಗಾರ ಸೋಲುತ್ತಾನೆ. ಉಪ್ಪು, ನೀರು ಒಳಗೆ ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಜೊತೆಗೆ ಕಾರ್ಟಿಸಾಲ್ ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ. ರಾತ್ರಿ ನಿದ್ದೆಯಲ್ಲಿ ಇಳಿಯಬೇಕಾದ ಬಿಪಿ ಇವರಲ್ಲಿ ಇಳಿಯುವುದಿಲ್ಲ. ಈ ರೋಗ ಬಂದ ದೊಡ್ಡವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿಗೆ ಬಿಪಿ ಇರುತ್ತದೆ.

ಜ್ಯೇಷ್ಠಮಧು ಮಾಡುವುದೇನು ಅಂದರೆ ಆ ಕಾವಲುಗಾರನನ್ನೇ ಮಲಗಿಸುತ್ತದೆ. ಕಾರ್ಟಿಸಾಲ್ ಮಾಮೂಲಿನಷ್ಟೇ ಇದ್ದರೂ ಬಿಪಿ ಏರುತ್ತದೆ, ಪೊಟ್ಯಾಸಿಯಂ ಬೀಳುತ್ತದೆ. ನಾಲ್ಕು ದಿನ ಕೆಮ್ಮಿಗೆ ಕುಡಿಯುವುದು ಬೇರೆ, ಎರಡು ತಿಂಗಳು ದಿನಾ ಮೂರು ಲೋಟ ಬೇರೆ. ಕಷಾಯ ನಿಲ್ಲಿಸಿ, ಈ ವಾರ ಪೊಟ್ಯಾಸಿಯಂ ಮಾಡಿಸಿ. ಕಾಲು ಊತವನ್ನೂ ಒಬ್ಬರಿಗೆ ತೋರಿಸಿ, ಅದಕ್ಕೆ ಬೇರೆ ಕಾರಣವೂ ಇರಬಹುದು.

ಸೂರ್ಯನಮಸ್ಕಾರ

ಜ್ಯೇಷ್ಠಮಧು ಸಾವಿರಾರು ವರ್ಷದಿಂದ ಬಳಸುತ್ತಿರುವ ಮೂಲಿಕೆ. ಅದಕ್ಕೂ ದೋಷ ಹೇಳಿದರೆ ಹೇಗೆ?

ಗದಗಿನ ಗಂಗಕ್ಕ

ಸಾವಿರ ವರ್ಷದಿಂದ ದಿನಾ ಮೂರು ಲೋಟ ಯಾರು ಕುಡಿದಾರೆ ಹೇಳ್ರಿ.

ಬೆಣ್ಣೆದೋಸೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೂತ್ರದ ಎರಡೂ ಟೆಸ್ಟ್ ಬಂದವು. ಮೊದಲನೆಯದು 231, ಎರಡನೆಯದು 188. ಆ ಲ್ಯಾಬಿನ ಮೇಲಿನ ಗಡಿ 50. ಕ್ರಿಯಾಟಿನಿನ್ ಸರಿಯಿದೆ, ಸಂಗ್ರಹ ಪೂರ್ತಿ ಆಗಿದೆ ಅಂದರು. ಆಮೇಲೆ ಎಸಿಟಿಎಚ್ ಮಾಡಿದರು. 5ಕ್ಕಿಂತ ಕಡಿಮೆ ಅಂತ ಇದೆ. ನನಗೆ ಅರ್ಥವಾಗದಿರುವುದು ಇದು. ಇದು ಕಡಿಮೆ ಇದ್ದರೆ ಒಳ್ಳೆಯದಾ?

ಮೂರನೇ ಮಹಡಿ

ಒಳ್ಳೆಯದು, ಕೆಟ್ಟದ್ದು ಅಂತ ಅಲ್ಲ, ಎಲ್ಲಿ ಹುಡುಕಬೇಕು ಅಂತ ಹೇಳುವ ಅಂಕಿ ಅದು. ಗಡಿಯ ಮೂರು ಪಟ್ಟು, ನಾಲ್ಕು ಪಟ್ಟು ಮೂತ್ರದಲ್ಲಿ, ಎರಡು ಸಲವೂ, ಜೊತೆಗೆ ಆ ಮೈಗುರುತು. ಈಗ ಕಾರ್ಟಿಸಾಲ್ ನಿಜವಾಗಿ ಜಾಸ್ತಿ ಇದೆ ಅನ್ನಬಹುದು. ಮೊದಲು ಹೇಳಿದ ಕುಶಿಂಗ್ ಸಿಂಡ್ರೋಮ್ ಇದೇ. ಹಾರ್ವೆ ಕುಶಿಂಗ್ ಅನ್ನುವ ಅಮೆರಿಕದ ಶಸ್ತ್ರವೈದ್ಯರು 1912ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದರು.

ಆರ್ಡರ್ ಕೊಡುವ ಪಿಟ್ಯುಟರಿಯೇ ಕೆಟ್ಟಿದ್ದರೆ ಎಸಿಟಿಎಚ್ ಕಡಿಮೆ ಇರುವುದಿಲ್ಲ. ನಿಮ್ಮ ತಂಗಿಗೆ ಆರ್ಡರ್ ಸೊನ್ನೆ ಹತ್ತಿರ ಇದೆ, ಸರಕು ಮಾತ್ರ ಬರುತ್ತಲೇ ಇದೆ. ಅಂದರೆ ಅಡ್ರಿನಲ್ ತನ್ನಷ್ಟಕ್ಕೆ ತಾನೇ ಮಾಡುತ್ತಿದೆ. ಈಗ ಹೊಟ್ಟೆಯ ಸಿಟಿ ಸ್ಕ್ಯಾನ್. ಈ ಕ್ರಮ ಮುಖ್ಯ. ಮೊದಲೇ ತಲೆಗೆ ಎಂಆರ್‌ಐ ಮಾಡಿಸಿದ್ದರೆ ಪಿಟ್ಯುಟರಿಯಲ್ಲಿ ಯಾವುದೋ ಸಣ್ಣ ಚುಕ್ಕೆ ಕಾಣಬಹುದಿತ್ತು. ಏನೂ ತೊಂದರೆ ಇಲ್ಲದ ಎಷ್ಟೋ ಜನರಿಗೂ ಅಂಥ ಚುಕ್ಕೆ ಇರುತ್ತದೆ. ಅದರ ಹಿಂದೆ ಓಡುತ್ತಿದ್ದೆವು.

ಬೆಣ್ಣೆದೋಸೆ

ಸಿಟಿಯಲ್ಲಿ ಎಡಗಡೆ ಅಡ್ರಿನಲ್‌ನಲ್ಲಿ 3.2 ಸೆಂಟಿಮೀಟರ್ ಗಂಟು. ನೋಡಲು ಕ್ಯಾನ್ಸರ್ ಥರ ಇಲ್ಲ ಅಂದಿದ್ದಾರೆ. ಬಲಗಡೆಯದು ಸಣ್ಣಗೆ ಕುಗ್ಗಿದೆಯಂತೆ. ಸ್ಪೈರನೋಲ್ಯಾಕ್ಟೋನ್ ಅನ್ನುವ ನಾಲ್ಕನೇ ಬಿಪಿ ಮಾತ್ರೆ ಸೇರಿಸಿದ ಮೇಲೆ ಪೊಟ್ಯಾಸಿಯಂ 4.0, ಬಿಪಿ 146/92. ಮುಂದಿನ ತಿಂಗಳು ದುರ್ಬೀನು ಆಪರೇಷನ್. ಅಮ್ಮ ಈಗ ಟೆಸ್ಟ್ ಬರೆದ ಡಾಕ್ಟರಿಗೆ ಹೋಳಿಗೆ ಕಳಿಸಬೇಕು ಅಂತಿದ್ದಾರೆ.

ಗದಗಿನ ಗಂಗಕ್ಕ

ಆಪರೇಷನ್ ಆದ ಮೇಲೆ ನನಗೆ ಆದದ್ದೇ ತಂಗಿಗೂ ಆಗಬಹುದು, ಅದನ್ನು ಕೇಳಿಟ್ಟುಕೋ ತಮ್ಮಾ. ನನ್ನ ಗ್ರಂಥಿ ಎರಡೂ ಮಲಗಿದ್ದವು. ಎಬ್ಬಿಸಲು ವರ್ಷ ಬೇಕಾಯಿತು.

ಮೂರನೇ ಮಹಡಿ

ಸರಿಯಾಗಿ ಹೇಳಿದಿರಿ. ಆರ್ಡರ್ ಬಾರದೆ ಬಲಗಡೆಯದು ತಿಂಗಳುಗಟ್ಟಲೆ ಕೆಲಸ ಮಾಡಿಲ್ಲ. ಎಡಗಡೆಯದನ್ನು ತೆಗೆದ ದಿನದಿಂದ ಹೈಡ್ರೋಕಾರ್ಟಿಸೋನ್ ಹೊರಗಿನಿಂದ ಕೊಡಲೇಬೇಕು. ಕಾರ್ಟಿಸಾಲ್ ಜಾಸ್ತಿ ಅಂತ ಆಪರೇಷನ್ ಮಾಡಿಸಿ, ಆಮೇಲೆ ಅದನ್ನೇ ಮಾತ್ರೆಯಲ್ಲಿ ಕೊಡುತ್ತಾರಲ್ಲ ಅಂತ ಮನೆಯವರು ಗೊಂದಲವಾಗಿ ನಿಲ್ಲಿಸಿಬಿಡುತ್ತಾರೆ. ಆ ತಪ್ಪು ಮಾಡಬೇಡಿ.

ಬೆಣ್ಣೆದೋಸೆ

ಆಪರೇಷನ್ ಆಗಿ ಹದಿನೈದು ದಿನ. ಮೂರು ಸಣ್ಣ ತೂತು ಅಷ್ಟೇ. ಬಿಪಿ ಮಾತ್ರೆ ನಾಲ್ಕಿದ್ದದ್ದು ಈಗ ಅಮ್ಲೋಡಿಪಿನ್ ಒಂದೇ, 134/86. ಸಕ್ಕರೆ 112. ಆದರೆ ಅವಳಿಗೆ ಖುಷಿ ಇಲ್ಲ. ಮೈಕೈ ನೋವು, ಹಸಿವಿಲ್ಲ, ಮಂಚದಿಂದ ಏಳೋದೇ ಬೇಡ ಅಂತಾಳೆ. ಮೊದಲೇ ಚೆನ್ನಾಗಿದ್ದೆ ಅಂತಾಳೆ. ಆಪರೇಷನ್ ಕೆಟ್ಟಿತಾ? ಆ ಒಂದು ಮಾತ್ರೆಯೂ ಹೋಗುತ್ತದಾ?

ಮೂರನೇ ಮಹಡಿ

ಕೆಟ್ಟಿಲ್ಲ. ಇಷ್ಟು ದಿನ ಪ್ರವಾಹದಲ್ಲಿದ್ದ ಮೈ ಈಗ ಮಾಮೂಲಿ ಮಟ್ಟಕ್ಕೇ ಒದ್ದಾಡುತ್ತಿದೆ. ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ತೀರಾ ಆಗದಿದ್ದರೆ ಅವರ ಡಾಕ್ಟರು ಹೈಡ್ರೋಕಾರ್ಟಿಸೋನ್ ಡೋಸ್ ಸ್ವಲ್ಪ ಏರಿಸಿ ನಿಧಾನಕ್ಕೆ ಇಳಿಸುತ್ತಾರೆ. ನೀವಾಗಿ ಏರಿಸಬೇಡಿ, ಒಂದು ಸಂದರ್ಭ ಬಿಟ್ಟು: ಜ್ವರ ಬಂದರೆ ಡೋಸ್ ಎರಡು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯದೆ ಇಂಜೆಕ್ಷನ್‌ಗೆ ಆಸ್ಪತ್ರೆಗೆ.

ಆ ಒಂದು ಬಿಪಿ ಮಾತ್ರೆ ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಹೆಚ್ಚಿನವರಿಗೆ ಬಿಪಿ ಇಳಿಯುತ್ತದೆ, ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಏರಿದ್ದ ಬಿಪಿ ರಕ್ತನಾಳವನ್ನು ಗಟ್ಟಿ ಮಾಡಿರುತ್ತದೆ.

ಟೆಸ್ಟ್‌ಟ್ಯೂಬ್

ನಮ್ಮ ಸಂಬಂಧಿಕರೊಬ್ಬರಿಗೆ ಇದೇ ಆಪರೇಷನ್ ಆಗಿ ಮೂರು ವರ್ಷ, ಒಂದು ಮಾತ್ರೆ ಉಳಿದೇ ಇದೆ. ಆದರೆ ಅವರಿಗೆ ರೋಗ ಗೊತ್ತಾಗಲು ಆರೇಳು ವರ್ಷ ಹಿಡಿದಿತ್ತು.

ಅಡಿಕೆತೋಟ

ಕಷಾಯ ಬಿಟ್ಟು ಮೂರು ವಾರ. ನನ್ನ ಪೊಟ್ಯಾಸಿಯಂ 2.9 ಬಂದಿತ್ತು, ಈಗ 3.8. ಬಿಪಿ ಇಳಿದಿದೆ. ಕೆಮ್ಮು ಮಾತ್ರ ಹಾಗೇ ಇದೆ. ಅದಕ್ಕೆ ಏನು ಮಾಡಲಿ?

ಬೆಣ್ಣೆದೋಸೆ

ಡಾಕ್ಟರೇ, ಥ್ಯಾಂಕ್ಸ್. ಡೋಸಿನ ವಿಷಯ ಚೀಟಿಯಲ್ಲಿ ಬರೆದು ಅವಳ ಪರ್ಸ್‌ನಲ್ಲಿ ಇಟ್ಟೆ. ಇವತ್ತು ನೋಡಿದೆ, ಕುಕ್ಕರಗಾಲಿಂದ ಏಳಲು ಇನ್ನೂ ಗೋಡೆ ಹಿಡಿಯುತ್ತಾಳೆ. ಬಳೆ ಹಾಕಿಕೊಂಡಿದ್ದಾಳೆ, ಹೊಸ ನೀಲಿ ಕಲೆ ಕಾಣಲಿಲ್ಲ. ಇನ್ನೊಂದು ಕೇಳಬೇಕಿತ್ತು. ಮಧ್ಯಾಹ್ನದ ಡೋಸ್ ಮರೆತು ಸಂಜೆ ಆರಕ್ಕೆ ನೆನಪಾದರೆ ಆಗ ತಗೋಬೇಕಾ, ಬಿಡಬೇಕಾ?

ಮೂರನೇ ಮಹಡಿ

ನೆನಪಾದಾಗ ತಗೊಳ್ಳಲಿ. ಅವತ್ತು ನಿದ್ದೆ ಸ್ವಲ್ಪ ತಡವಾಗಬಹುದು, ಅಷ್ಟೇ. ತೀರಾ ಮಲಗುವ ಹೊತ್ತಾಗಿದ್ದರೆ, ಮೈ ಚೆನ್ನಾಗಿದ್ದರೆ ಬೆಳಗಿನ ಡೋಸನ್ನು ಎದ್ದ ತಕ್ಷಣ ತಗೊಂಡರೆ ಸಾಕು. ಅಡಿಕೆತೋಟದ ಮಾವಾ, ಎರಡು ತಿಂಗಳು ದಾಟಿದ ಕೆಮ್ಮಿಗೆ ಕಷಾಯ ಹುಡುಕಬೇಡಿ, ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸಿ. ಈಗ ಬಿಪಿಗೆ ಮಾತ್ರೆ ಏನಾದರೂ ಶುರು ಮಾಡಿದ್ದರೆ ಅದನ್ನೂ ಅವರಿಗೆ ತೋರಿಸಿ, ಕೆಲವು ಬಿಪಿ ಮಾತ್ರೆಗಳೇ ಕೆಮ್ಮು ತರುತ್ತವೆ.